ಆರ್ಡರ್ ಅರ್ಧದಲ್ಲಿದ್ದಾಗ ಕಂಪ್ಯೂಟರ್ ನಿಂತರೆ: ಡಿಸ್ಕ್‌ನಲ್ಲಿ ಏನು ಬರೆದಿರಬೇಕು, ಯಾವಾಗ ಬರೆದಿರಬೇಕು

ಷೇರುಪೇಟೆಯಲ್ಲಿ ಕೊಳ್ಳುವ, ಮಾರುವ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂಗೆ ವಹಿಸುವುದು ಈಗ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸೇರಿದ ವಿದ್ಯೆಯಲ್ಲ. ಬ್ರೋಕರ್‌ಗಳು ಎಪಿಐ ಎಂಬ ಸೌಲಭ್ಯ ಕೊಡುತ್ತಾರೆ. ನಾವು ಆ್ಯಪ್ ತೆರೆದು ಗುಂಡಿ ಒತ್ತುವ ಬದಲು ನಮ್ಮ ಪ್ರೋಗ್ರಾಂ ನೇರವಾಗಿ ಬ್ರೋಕರ್‌ನ ಕಂಪ್ಯೂಟರ್‌ಗೆ ಆರ್ಡರ್ ಕಳಿಸಲು ಇರುವ ದಾರಿ ಅದು. 2025ರ ಫೆಬ್ರುವರಿ 4ರಂದು ಸೆಬಿ ಸುತ್ತೋಲೆ ಹೊರಡಿಸಿ, ಸಣ್ಣ ಹೂಡಿಕೆದಾರರ ಇಂಥ ಸ್ವಯಂಚಾಲಿತ ವಹಿವಾಟಿಗೂ ಒಂದು ಚೌಕಟ್ಟು ಹಾಕಿತು. ಆಮೇಲೆ ಈ ವಿಷಯದ ಚರ್ಚೆ ಹೆಚ್ಚಾಗಿದೆ. ಆದರೆ ಮಾತೆಲ್ಲ ಯಾವ ಷೇರು, ಯಾವ ತಂತ್ರ, ಎಷ್ಟು ಲಾಭ ಎಂಬುದರ ಸುತ್ತಲೇ ತಿರುಗುತ್ತದೆ. ಆರ್ಡರ್ ಕಳಿಸುತ್ತಿರುವಾಗಲೇ ಕರೆಂಟ್ ಹೋದರೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಹಣ ಅಲ್ಲಿಯೂ ಕಳೆಯಬಹುದು.

ಒಂದು ಚಿಕ್ಕ ಪ್ರೋಗ್ರಾಂ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ನಿಫ್ಟಿ ಸೂಚ್ಯಂಕದ ಇಟಿಎಫ್‌ನ, ಅಂದರೆ ಷೇರಿನಂತೆ ಪೇಟೆಯಲ್ಲೇ ಕೊಳ್ಳಬಹುದಾದ ನಿಧಿಯ, 500 ಯೂನಿಟ್ ಕೊಳ್ಳಬೇಕು. ಒಂದು ಯೂನಿಟ್‌ಗೆ ಸುಮಾರು 250 ರೂಪಾಯಿ ಎಂದುಕೊಳ್ಳೋಣ. ಎಲ್ಲವನ್ನೂ ಒಂದೇ ಬೆಲೆಗೆ ಕೊಂಡು ಪಶ್ಚಾತ್ತಾಪ ಪಡುವುದು ಬೇಡವೆಂದು ನೂರು ನೂರರ ಐದು ಕಂತು ಮಾಡಿದ್ದೇವೆ. 10 ಗಂಟೆಗೆ ಮೊದಲ ಕಂತು, ಆಮೇಲೆ ಹತ್ತು ನಿಮಿಷಕ್ಕೊಂದು. 10:20ಕ್ಕೆ ಮೂರನೇ ಕಂತು ಕಳಿಸುವ ಗಳಿಗೆಯಲ್ಲಿ ಕಂಪ್ಯೂಟರ್ ನಿಂತುಹೋಯಿತು. 10:24ಕ್ಕೆ ಮತ್ತೆ ಚಾಲೂ ಆಯಿತು. ಈಗ ಮೂರನೇ ಕಂತು ಕಳಿಸಬೇಕೇ, ಬೇಡವೇ?

ಹೋಗಿಲ್ಲ ಎಂದು ತಿಳಿದು ಕಳಿಸಿದರೆ, ನಿಜವಾಗಿ ಮೊದಲೇ ಹೋಗಿದ್ದ ಪಕ್ಷದಲ್ಲಿ, ದಿನದ ಕೊನೆಗೆ 600 ಯೂನಿಟ್ ಕೈಯಲ್ಲಿರುತ್ತವೆ. ಹೋಗಿದೆ ಎಂದು ತಿಳಿದು ಬಿಟ್ಟರೆ, ನಿಜವಾಗಿ ಹೋಗಿರದಿದ್ದ ಪಕ್ಷದಲ್ಲಿ, 400 ಮಾತ್ರ. ಇಪ್ಪತ್ತೈದು ಸಾವಿರ ರೂಪಾಯಿಯ ತಪ್ಪು ಅಷ್ಟೇ ಎನ್ನಬಹುದು. ಆದರೆ ಪ್ರೋಗ್ರಾಂ ತಾನಾಗಿಯೇ ಮತ್ತೆ ಮತ್ತೆ ಎದ್ದು ನಿಲ್ಲುವಂತೆ ಹೊಂದಿಸಿದ್ದು, ಎದ್ದಾಗಲೆಲ್ಲ ಅದೇ ಜಾಗದಲ್ಲಿ ಬೀಳುತ್ತಿದ್ದರೆ, ಪ್ರತಿ ಸಲವೂ ಇನ್ನೊಂದು ನೂರು ಸೇರುತ್ತದೆ. ಆಗ ಮಿತಿ ಎಂದರೆ ಖಾತೆಯಲ್ಲಿರುವ ಹಣ ಮಾತ್ರ.

ಸ್ಥಿತಿ ಎಂದರೆ ಏನು

ಪ್ರೋಗ್ರಾಂ ಓಡುತ್ತಿರುವಾಗ ಅದಕ್ಕೆ ಕೆಲವು ಸಂಗತಿಗಳು ಗೊತ್ತಿರುತ್ತವೆ: ಇವತ್ತಿನ ಯೋಜನೆ ಏನು, ಎಷ್ಟನೇ ಕಂತಿನಲ್ಲಿದ್ದೇನೆ, ಯಾವ ಆರ್ಡರ್ ಕಳಿಸಿದೆ, ಏನು ಉತ್ತರ ಬಂತು. ಇವೆಲ್ಲ ಸೇರಿ ಅದರ ಸ್ಥಿತಿ. ಇದು ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ, ಅಂದರೆ ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ನೆನಪಿನಲ್ಲಿ ಇರುತ್ತದೆ. ಪ್ರೋಗ್ರಾಂ ಸತ್ತರೆ ಆ ನೆನಪು ಹೋಯಿತು. ಆದ್ದರಿಂದ ಅದನ್ನು ಡಿಸ್ಕ್‌ನಲ್ಲಿ ಒಂದು ಫೈಲ್‌ಗೆ ಬರೆದಿಡಬೇಕು. ಇಷ್ಟು ಯಾರಿಗಾದರೂ ಹೊಳೆಯುತ್ತದೆ.

ಯಾವುದನ್ನು ಬರೆಯಬೇಕು ಎಂಬುದಕ್ಕೆ ಒಂದು ಅಳತೆಗೋಲು ಇದೆ. ಪ್ರೋಗ್ರಾಂ ಮತ್ತೆ ಎದ್ದಾಗ ಹೊರಗಿನವರನ್ನು ಕೇಳಿ ತಿಳಿಯಬಹುದಾದದ್ದನ್ನು ಉಳಿಸಿಡುವ ಅಗತ್ಯವಿಲ್ಲ. ಈಗಿನ ಬೆಲೆ, ಖಾತೆಯ ಬಾಕಿ ಇವನ್ನೆಲ್ಲ ಬ್ರೋಕರ್ ಹೇಳುತ್ತಾನೆ. ಹಳೆಯದನ್ನು ಉಳಿಸಿಟ್ಟರೆ ಅದನ್ನೇ ನಂಬಿ ಮೋಸಹೋಗುವ ಅಪಾಯ ಬೇರೆ. ಬೇರೆ ಯಾರಿಗೂ ಗೊತ್ತಿಲ್ಲದ್ದು ಒಂದೇ: ನಮ್ಮ ಉದ್ದೇಶ. ಇವತ್ತು ಐದು ಕಂತು ಕೊಳ್ಳಬೇಕೆಂಬುದು, ಮೂರನೆಯದನ್ನು ಕಳಿಸಲು ಹೊರಟಿದ್ದೆ ಎಂಬುದು ಬ್ರೋಕರ್‌ಗಾಗಲಿ ಷೇರು ವಿನಿಮಯ ಕೇಂದ್ರಕ್ಕಾಗಲಿ ತಿಳಿಯದು. ಅದು ಫೈಲ್‌ನಲ್ಲಿ ಇರಲೇಬೇಕು.

ಮೊದಲು ಕಳಿಸಬೇಕೇ, ಮೊದಲು ಬರೆಯಬೇಕೇ?

ಇಲ್ಲಿ ಎರಡು ಕೆಲಸಗಳಿವೆ. ಆರ್ಡರ್ ಕಳಿಸುವುದು ಒಂದು, ಕಳಿಸಿದೆ ಎಂದು ಬರೆಯುವುದು ಇನ್ನೊಂದು. ಮೊದಲನೆಯದು ಬ್ರೋಕರ್‌ನ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ಎರಡನೆಯದು ನಮ್ಮ ಡಿಸ್ಕ್‌ನಲ್ಲಿ. ಎರಡೂ ಒಂದೇ ಕ್ಷಣದಲ್ಲಿ ಆಗುವಂತೆ ಮಾಡಲು ಸಾಧ್ಯವಿಲ್ಲ. ನಡುವೆ ಎಷ್ಟೇ ಸಣ್ಣದಾದರೂ ಒಂದು ಸಂದಿ ಇದ್ದೇ ಇರುತ್ತದೆ, ಕರೆಂಟ್ ಹೋಗಲು ಆ ಸಂದಿ ಸಾಕು.

ಕಳಿಸಿದ ಮೇಲೆ ಬರೆಯುವುದಾದರೆ, ಸಂದಿಯಲ್ಲಿ ಸತ್ತ ಪ್ರೋಗ್ರಾಂಗೆ ಕಳಿಸಿದ್ದೇ ನೆನಪಿರುವುದಿಲ್ಲ. ಎದ್ದ ಮೇಲೆ ಮತ್ತೆ ಕಳಿಸುತ್ತದೆ. ‘ಮುಗಿಯಿತು’ ಎಂದು ಬರೆದು ಆಮೇಲೆ ಕಳಿಸುವುದಾದರೆ, ಸಂದಿಯಲ್ಲಿ ಸತ್ತ ಪ್ರೋಗ್ರಾಂ ಕಳಿಸದೇ ಇದ್ದದ್ದನ್ನು ಕಳಿಸಿದೆ ಎಂದು ನಂಬಿ ಮುಂದೆ ಹೋಗುತ್ತದೆ. ಒಂದರಲ್ಲಿ ಎರಡು ಸಲ, ಇನ್ನೊಂದರಲ್ಲಿ ಒಂದು ಸಲವೂ ಇಲ್ಲ.

ದಾರಿ ಇರುವುದು ಬರೆಯುವ ಮಾತನ್ನೇ ಬದಲಿಸುವುದರಲ್ಲಿ. ಮದುವೆ ಅಡುಗೆಯ ಗುತ್ತಿಗೆ ಹಿಡಿದ ಭಟ್ಟರನ್ನು ನೆನೆಸಿಕೊಳ್ಳಿ. ದಿನಸಿ ಅಂಗಡಿಗೆ ಚೀಟಿ ಕಳಿಸುವ ಮೊದಲು ತಮ್ಮ ಪುಸ್ತಕದಲ್ಲಿ ‘ಚೀಟಿ 17, ಸೋನಾ ಮಸೂರಿ 25 ಕೆಜಿ, ಕಳಿಸಲಿದ್ದೇನೆ’ ಎಂದು ಬರೆಯುತ್ತಾರೆ. ಚೀಟಿಯ ಮೇಲೂ 17 ಎಂದೇ ಬರೆದಿರುತ್ತದೆ. ಆಮೇಲೆ ಹುಡುಗನ ಕೈಗೆ ಕೊಡುತ್ತಾರೆ. ಅಂಗಡಿಯಿಂದ ಖಾತರಿ ಬಂದ ಮೇಲೆ ಅದೇ ಸಾಲಿನ ಮುಂದೆ ‘ಆಯಿತು’ ಎಂದು ಸೇರಿಸುತ್ತಾರೆ. ನಡುವೆ ಅವರಿಗೆ ತಲೆಸುತ್ತು ಬಂದು ಮಲಗಿದರೂ, ಜಾಗಕ್ಕೆ ಬಂದ ಭಾವಮೈದುನ ಪುಸ್ತಕ ತೆರೆದರೆ ಸಾಕು. 17ರ ಮುಂದೆ ‘ಆಯಿತು’ ಇಲ್ಲ. ಅವನು ಅಕ್ಕಿ ತರಿಸುವುದಿಲ್ಲ, ಬಿಟ್ಟುಬಿಡುವುದೂ ಇಲ್ಲ. ಅಂಗಡಿಗೆ ಫೋನ್ ಮಾಡಿ, ‘ಚೀಟಿ 17 ಬಂತೇ?’ ಎಂದು ಕೇಳುತ್ತಾನೆ.

ಇದರಲ್ಲಿ ಎರಡು ಅಂಶಗಳು ಜೊತೆಯಾಗಿವೆ. ಕೆಲಸ ಮಾಡುವ ಮೊದಲೇ ಉದ್ದೇಶ ಪುಸ್ತಕದಲ್ಲಿದೆ. ಆ ಉದ್ದೇಶಕ್ಕೆ ನಾವೇ ಇಟ್ಟ ಗುರುತು ಅಂಗಡಿಯವನ ಬಳಿಯೂ ಇದೆ. ಗುರುತು ಇಲ್ಲದಿದ್ದರೆ ‘ಅಕ್ಕಿ ಆರ್ಡರ್ ಬಂತೇ’ ಎಂದಷ್ಟೇ ಕೇಳಬಹುದಿತ್ತು. ‘ಬಂತು’ ಎಂಬ ಉತ್ತರ ನಿನ್ನೆಯ ಅಕ್ಕಿಯದೋ ಇವತ್ತಿನದೋ ಯಾರಿಗೆ ಗೊತ್ತು?

ಮೂರನೇ ಕಂತು, ಹೆಜ್ಜೆ ಹೆಜ್ಜೆಯಾಗಿ

ನಮ್ಮ ಪ್ರೋಗ್ರಾಂಗೆ ಇದನ್ನು ಅಳವಡಿಸೋಣ. ಬೆಂಗಳೂರಿನ ಬ್ರೋಕರ್ ಸಂಸ್ಥೆ ಜೆರೋಧಾದ ಕೈಟ್ ಕನೆಕ್ಟ್ ಎಪಿಐಯಲ್ಲಿ ಆರ್ಡರ್ ಜೊತೆಗೆ `tag` ಎಂಬ ಗುರುತನ್ನು ಕಳಿಸಬಹುದು. ಅಕ್ಷರ ಮತ್ತು ಅಂಕೆ ಸೇರಿ 20ರ ಒಳಗಿರಬೇಕು. ದಿನದ ಆರ್ಡರ್‌ಗಳ ಪಟ್ಟಿ ತರಿಸಿದಾಗ ಪ್ರತಿ ಆರ್ಡರ್‌ನ ಜೊತೆ ಆ ಗುರುತೂ ಬರುತ್ತದೆ. ಭಟ್ಟರ ಚೀಟಿಯ ಸಂಖ್ಯೆ ಇದೇ. (ಸೆಬಿಯ ಚೌಕಟ್ಟಿನಲ್ಲಿ ವಿನಿಮಯ ಕೇಂದ್ರ ಕೊಡುವ ಆಲ್ಗೊ ಗುರುತು ಬೇರೆ, ಅದು ಯಾವ ತಂತ್ರದ ಆರ್ಡರ್ ಎಂದು ಹೇಳುತ್ತದೆಯೇ ಹೊರತು ಯಾವ ಕಂತು ಎಂದಲ್ಲ.)

10:20ಕ್ಕೆ ಪ್ರೋಗ್ರಾಂ ಮೊದಲು ಮಾಡುವ ಕೆಲಸ, ಫೈಲ್‌ನಲ್ಲಿ ಈ ಸಾಲು ಬರೆಯುವುದು:

```json
{"n": 3, "qty": 100, "tag": "NB251112S3A1",
 "status": "INTENT", "order_id": null, "filled": 0}
```

ಗುರುತಿನಲ್ಲಿ 2025ರ ನವೆಂಬರ್ 12 ಎಂಬ ದಿನಾಂಕ, ಮೂರನೇ ಕಂತು, ಮೊದಲ ಯತ್ನ ಎಂಬ ಮೂರೂ ಅಡಗಿವೆ. ಸಾಲು ಡಿಸ್ಕ್‌ಗೆ ಸೇರಿದ್ದು ಖಚಿತವಾದ ಮೇಲೆಯೇ ಆರ್ಡರ್ ಹೊರಡುತ್ತದೆ. ಉತ್ತರವಾಗಿ ಬ್ರೋಕರ್ ಒಂದು `order_id` ಕೊಡುತ್ತಾನೆ. ಅದನ್ನು ತುಂಬಿ `status` ಅನ್ನು `SENT` ಎಂದು ಬದಲಿಸುತ್ತೇವೆ. ಆಮೇಲೆ ಆರ್ಡರ್ ಪೂರ್ತಿ ಆದದ್ದು ತಿಳಿದಾಗ `DONE`.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. `order_id` ಬಂತೆಂದರೆ ಕೊಂಡಾಯಿತು ಎಂದಲ್ಲ. ಬ್ರೋಕರ್‌ನ ಕಂಪ್ಯೂಟರ್ ಆರ್ಡರನ್ನು ತೆಗೆದುಕೊಂಡಿತು ಎಂದಷ್ಟೇ. ಹಣ ಸಾಲದೆ ಅದು ತಿರಸ್ಕೃತವಾಗಬಹುದು, ನಮ್ಮ ಬೆಲೆಗೆ ಮಾರುವವರಿಲ್ಲದೆ ಕಾಯುತ್ತಿರಬಹುದು, ಅರವತ್ತು ಸಿಕ್ಕು ನಲವತ್ತು ಬಾಕಿ ಇರಬಹುದು.

ಈಗ ಪ್ರೋಗ್ರಾಂ ಎಲ್ಲಿ ಸತ್ತರೆ ಏನು? ಉದ್ದೇಶ ಬರೆಯುವ ಮೊದಲೇ ಸತ್ತರೆ ಫೈಲ್‌ನಲ್ಲಿ ಮೂರನೇ ಕಂತಿನ ಸುದ್ದಿಯೇ ಇಲ್ಲ, ಆರ್ಡರ್ ಹೋಗಿರಲು ಸಾಧ್ಯವೂ ಇಲ್ಲ. ನಿಶ್ಚಿಂತೆಯಿಂದ ಹೊಸದಾಗಿ ಆರಂಭಿಸಬಹುದು. `SENT` ಎಂದು ಬರೆದ ಮೇಲೆ ಸತ್ತರೆ `order_id` ಕೈಯಲ್ಲಿದೆ, ಅದರ ಗತಿ ಏನಾಯಿತೆಂದು ಕೇಳಿದರೆ ಆಯಿತು. ಕಷ್ಟವಿರುವುದು ನಡುವಿನ ಸ್ಥಿತಿಯಲ್ಲಿ. ಫೈಲ್ `INTENT` ಎನ್ನುತ್ತದೆ. ಉದ್ದೇಶ ಬರೆದು ಕಳಿಸುವ ಮೊದಲೇ ಸತ್ತಿರಬಹುದು. ಕಳಿಸಿ, ಉತ್ತರ ಬರುವ ಮೊದಲು ಸತ್ತಿರಬಹುದು. ಉತ್ತರ ಬಂದು, ಬರೆಯುವ ಮೊದಲು ಸತ್ತಿರಬಹುದು. ಈ ಮೂರನ್ನೂ ಫೈಲ್ ನೋಡಿ ಬೇರ್ಪಡಿಸಲಾಗದು. ಎಷ್ಟು ಜಾಣತನದಿಂದ ಬರೆದರೂ ಆಗದು, ಏಕೆಂದರೆ ಉತ್ತರ ನಮ್ಮ ಡಿಸ್ಕ್‌ನಲ್ಲಿ ಇಲ್ಲ. ಅದು ಬ್ರೋಕರ್‌ನ ಬಳಿ ಇದೆ.

ಎದ್ದ ಕೂಡಲೇ ಕೇಳಬೇಕಾದ ಪ್ರಶ್ನೆ

10:24ಕ್ಕೆ ಎದ್ದ ಪ್ರೋಗ್ರಾಂ ಹೊಸ ಆರ್ಡರ್‌ನ ಯೋಚನೆಯನ್ನೇ ಮಾಡಬಾರದು. ಮೊದಲು ಫೈಲ್ ಓದಿ, `INTENT` ಅಥವಾ `SENT` ಎಂದು ನಿಂತಿರುವ ಸಾಲುಗಳನ್ನು ಹುಡುಕಬೇಕು. ಬ್ರೋಕರ್‌ನಿಂದ ದಿನದ ಆರ್ಡರ್ ಪಟ್ಟಿ ತರಿಸಿ, ಅದರಲ್ಲಿ `NB251112S3A1` ಇದೆಯೇ ನೋಡಬೇಕು.

ಇದ್ದರೆ ಅಲ್ಲಿರುವ ಸ್ಥಿತಿಯನ್ನೇ ನಮ್ಮ ಫೈಲ್‌ಗೆ ಇಳಿಸಿಕೊಳ್ಳುವುದು. `COMPLETE` ಎಂದಿದ್ದರೆ ಕಂತು ಮುಗಿಯಿತು. `OPEN` ಎಂದಿದ್ದರೆ ಆರ್ಡರ್ ಇನ್ನೂ ಜೀವಂತ. ಅರವತ್ತು ಮಾತ್ರ ಸಿಕ್ಕಿದ್ದರೂ ಉಳಿದ ನಲವತ್ತಕ್ಕೆ ಹೊಸ ಆರ್ಡರ್ ಹಾಕಬಾರದು, ಆ ನಲವತ್ತು ಹಳೆಯ ಆರ್ಡರ್‌ನಲ್ಲೇ ಸರದಿಯಲ್ಲಿ ನಿಂತಿವೆ. `REJECTED` ಎಂದಿದ್ದರೆ ಕಾರಣ ನೋಡಬೇಕು. ಹಣ ಸಾಲದೆ ತಿರಸ್ಕೃತವಾದ ಆರ್ಡರನ್ನು ಮತ್ತೆ ಕಳಿಸಿದರೆ ಮತ್ತೆ ತಿರಸ್ಕಾರವೇ ಗತಿ.

ಪಟ್ಟಿಯಲ್ಲಿ ಇಲ್ಲದಿದ್ದರೆ? ಬಹಳ ಜನ ಎಡವುವುದು ಇಲ್ಲಿ. ‘ಇಲ್ಲ’ ಎಂದರೆ ‘ಹೋಗಿಲ್ಲ’ ಎಂದು ಕೂಡಲೇ ತೀರ್ಮಾನಿಸುತ್ತಾರೆ. ಪ್ರೋಗ್ರಾಂ ಎರಡೇ ಸೆಕೆಂಡಿನಲ್ಲಿ ಎದ್ದಿದ್ದರೆ, ಸಾಯುವ ಮುನ್ನ ಕಳಿಸಿದ ಆರ್ಡರ್ ಇನ್ನೂ ಬ್ರೋಕರ್‌ನ ಒಳಗೆ ಸರದಿಯಲ್ಲಿ ಇರಬಹುದು, ಪಟ್ಟಿಗೆ ಬಂದಿಲ್ಲದಿರಬಹುದು. ಪೇಟೆಯಲ್ಲಿ ಗದ್ದಲ ಹೆಚ್ಚಿರುವ ಹೊತ್ತಿನಲ್ಲಿ ಈ ವಿಳಂಬವೂ ಹೆಚ್ಚುತ್ತದೆ. ಆದ್ದರಿಂದ ಸ್ವಲ್ಪ ಕಾದು, ಮತ್ತೆ ಕೇಳಿ, ಇನ್ನೂ ಸ್ವಲ್ಪ ಕಾದು ಮತ್ತೊಮ್ಮೆ ಕೇಳಬೇಕು. ಹತ್ತು ನಿಮಿಷಕ್ಕೊಂದು ಕಂತು ಕೊಳ್ಳುವ ಪ್ರೋಗ್ರಾಂಗೆ ಒಂದೆರಡು ನಿಮಿಷ ಕಾಯುವುದರಿಂದ ನಷ್ಟವೇನೂ ಇಲ್ಲ. ಆಗಲೂ ಇಲ್ಲದಿದ್ದರೆ ಹಳೆಯ ಯತ್ನವನ್ನು ‘ಕೈಬಿಟ್ಟದ್ದು’ ಎಂದು ಗುರುತಿಸಿ, `NB251112S3A2` ಎಂಬ ಹೊಸ ಗುರುತಿನಲ್ಲಿ ಹೊಸ ಉದ್ದೇಶ ಬರೆದು ಕಳಿಸಬಹುದು. ಹೊಸ ಗುರುತು ಏಕೆಂದರೆ, ತೀರಾ ಅಪರೂಪಕ್ಕೆ ಹಳೆಯದೂ ತಡವಾಗಿ ಪ್ರತ್ಯಕ್ಷವಾದರೆ ಎರಡನ್ನೂ ಬೇರೆ ಬೇರೆಯಾಗಿ ಕಾಣಬಹುದು, ಒಂದನ್ನು ರದ್ದು ಮಾಡಬಹುದು ಅಥವಾ ಮುಂದಿನ ಕಂತಿನಲ್ಲಿ ಕಳೆಯಬಹುದು.

ಪಟ್ಟಿಯೇ ಬರದಿದ್ದರೆ, ಅಂದರೆ ಬ್ರೋಕರ್‌ನ ಸಂಪರ್ಕ ಸಿಗದಿದ್ದರೆ, ಅದು ‘ಇಲ್ಲ’ ಅಲ್ಲ. ಖಾಲಿ ಉತ್ತರಕ್ಕೂ ಉತ್ತರವೇ ಬಾರದಿರುವುದಕ್ಕೂ ಇರುವ ವ್ಯತ್ಯಾಸವನ್ನು ಪ್ರೋಗ್ರಾಂನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ದೋಷ ಬಂದಾಗ ಖಾಲಿ ಪಟ್ಟಿ ಹಿಂದಿರುಗಿಸುವ ಒಂದು ಸೋಮಾರಿ ಸಾಲು ಈ ಇಡೀ ವ್ಯವಸ್ಥೆಯನ್ನು ನೆಲಕಚ್ಚಿಸಬಲ್ಲದು.

ಈ `tag` ಒಂದೇ ಆರ್ಡರ್ ಎರಡು ಸಲ ಹೋಗುವುದನ್ನು ತಡೆಯುವುದಿಲ್ಲ ಎಂಬುದೂ ತಿಳಿದಿರಲಿ. ಒಂದೇ ಗುರುತಿನಲ್ಲಿ ಎರಡು ಆರ್ಡರ್ ಕಳಿಸಿದರೆ ಎರಡೂ ಹೋಗುತ್ತವೆ. ಪಾವತಿ ಕ್ಷೇತ್ರದ ಕೆಲವು ಎಪಿಐಗಳಲ್ಲಿ, ಉದಾಹರಣೆಗೆ ಸ್ಟ್ರೈಪ್‌ನಲ್ಲಿ, `Idempotency-Key` ಎಂಬುದಿದೆ. ಅದೇ ಕೀಲಿ ಎರಡನೇ ಸಲ ಬಂದರೆ ಹೊಸದಾಗಿ ಹಣ ಕಡಿತವಾಗುವುದಿಲ್ಲ, ಮೊದಲ ಸಲದ ಉತ್ತರವೇ ಮತ್ತೆ ಬರುತ್ತದೆ. ಅಂಥ ಸೌಲಭ್ಯವಿರುವ ಕಡೆ ಸುಮ್ಮನೆ ಮತ್ತೆ ಕಳಿಸಿದರೂ ನಡೆಯುತ್ತದೆ. ಇಲ್ಲದ ಕಡೆ ಕೇಳಿಯೇ ಮುಂದುವರಿಯಬೇಕು. ನಮ್ಮ ಎಪಿಐ ಯಾವ ಬಗೆಯದು ಎಂದು ಅದರ ದಾಖಲೆ ಓದಿ ಖಚಿತಪಡಿಸಿಕೊಳ್ಳದೆ ಒಂದು ಸಾಲೂ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ಎಷ್ಟು ಕೊಂಡಾಯಿತು ಎಂಬ ಲೆಕ್ಕ, ಆರ್ಡರ್ ಕಳಿಸುವ ಪ್ರೋಗ್ರಾಂಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಪ್ರಕರಣ ಸಾಕ್ಷಿ. 2012ರ ಆಗಸ್ಟ್ 1ರಂದು ಅಲ್ಲಿ ನಡೆದದ್ದು ಕ್ರ್ಯಾಶ್ ಅಲ್ಲ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಪ್ರೋಗ್ರಾಂ ಹಾಕುವುದು ಬಿಟ್ಟುಹೋಗಿ, ಬಳಕೆಯಲ್ಲಿಲ್ಲದ ಹಳೆಯ ಕೋಡ್ ಎದ್ದು ಕೂತಿತ್ತು. ಬೇಕಾದಷ್ಟು ಕೊಂಡಾಯಿತು, ಇನ್ನು ನಿಲ್ಲಿಸು ಎಂದು ಅದಕ್ಕೆ ಹೇಳಬೇಕಿದ್ದ ಎಣಿಕೆಯ ಭಾಗವನ್ನು ವರ್ಷಗಳ ಹಿಂದೆಯೇ ಬೇರೆ ಕಡೆಗೆ ಸರಿಸಿದ್ದರು. 212 ಗ್ರಾಹಕ ಆರ್ಡರ್‌ಗಳು ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳಾದವು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು.

‘ಬರೆದೆ’ ಎಂದಾಗ ನಿಜಕ್ಕೂ ಬರೆದಾಗಿರುತ್ತದೆಯೇ?

ಇಷ್ಟೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಉದ್ದೇಶದ ಸಾಲು ಡಿಸ್ಕ್‌ನಲ್ಲಿದೆ ಎಂಬುದು. ಆ ನಂಬಿಕೆ ಬಹಳ ಸಲ ಸುಳ್ಳು.

ಪ್ರೋಗ್ರಾಂ ‘ಈ ಫೈಲ್‌ಗೆ ಬರೆ’ ಎಂದು ಹೇಳಿದಾಗ ವಿಂಡೋಸ್, ಲಿನಕ್ಸ್‌ನಂಥ ಕಾರ್ಯಾಚರಣೆ ವ್ಯವಸ್ಥೆ ಅದನ್ನು ರ‍್ಯಾಮ್‌ನಲ್ಲೇ ಒಂದು ಕಡೆ ಇಟ್ಟುಕೊಂಡು ‘ಆಯಿತು’ ಎನ್ನುತ್ತದೆ. ಡಿಸ್ಕ್ ನಿಧಾನ, ಪ್ರತಿ ಸಣ್ಣ ಬರಹಕ್ಕೂ ಅದನ್ನು ಮುಟ್ಟಿದರೆ ಕಂಪ್ಯೂಟರ್ ತೆವಳುತ್ತದೆ ಎಂಬುದು ಕಾರಣ. ಲಿನಕ್ಸ್‌ನಲ್ಲಿ ಸಾಮಾನ್ಯ ಹೊಂದಿಕೆಯಂತೆ ಇಂಥ ಬರಹ 30 ಸೆಕೆಂಡಿನಷ್ಟು ಹೊತ್ತು ರ‍್ಯಾಮ್‌ನಲ್ಲೇ ಕೂತಿರಬಹುದು. ಆರ್ಡರ್ ಬ್ರೋಕರ್‌ಗೆ ತಲುಪಲು ಸೆಕೆಂಡಿನ ಒಂದು ಪಾಲು ಸಾಕು. ಅಂದರೆ ಮೊದಲು ಬರೆದು ಆಮೇಲೆ ಕಳಿಸಿದೆ ಎಂದು ನಾವು ಅಂದುಕೊಂಡಿದ್ದರೂ, ವಾಸ್ತವದಲ್ಲಿ ಆರ್ಡರ್ ಮೊದಲು ಹೋಗಿ ಬರಹ ಆಮೇಲೆ ಡಿಸ್ಕ್ ಸೇರುವ ಎಲ್ಲ ಸಾಧ್ಯತೆಯೂ ಇದೆ.

ಪ್ರೋಗ್ರಾಂ ಮಾತ್ರ ಸತ್ತು ಕಂಪ್ಯೂಟರ್ ಚಾಲೂ ಇದ್ದರೆ ತೊಂದರೆಯಿಲ್ಲ. ರ‍್ಯಾಮ್‌ನಲ್ಲಿರುವ ಆ ಬರಹ ಕಾರ್ಯಾಚರಣೆ ವ್ಯವಸ್ಥೆಯ ಸ್ವತ್ತು, ಪ್ರೋಗ್ರಾಂ ಸತ್ತರೂ ಅದು ಡಿಸ್ಕ್ ಸೇರುತ್ತದೆ. ಕರೆಂಟ್ ಹೋದಾಗ, ಅಥವಾ ಇಡೀ ಕಂಪ್ಯೂಟರ್ ಕುಸಿದಾಗ ಮಾತ್ರ ಮಾಯ. ಇದಕ್ಕೆ ಮದ್ದು `fsync`: ‘ಈ ಫೈಲ್‌ನದು ಎಲ್ಲವೂ ಡಿಸ್ಕ್ ಸೇರುವವರೆಗೆ ನಾನು ಮುಂದೆ ಹೋಗುವುದಿಲ್ಲ’ ಎಂದು ಪಟ್ಟು ಹಿಡಿಯುವ ಆಜ್ಞೆ. ಕೆಲವು ಮಿಲಿಸೆಕೆಂಡು ತಗಲಬಹುದು. ದಿನಕ್ಕೆ ಐದು ಆರ್ಡರ್ ಕಳಿಸುವವರಿಗೆ ಅದೊಂದು ಲೆಕ್ಕವೇ ಅಲ್ಲ.

ಎರಡನೇ ತೊಡಕು, ಅರ್ಧ ಬರಹ. ಇರುವ ಫೈಲ್ ಮೇಲೆಯೇ ಹೊಸದನ್ನು ಬರೆಯಲು ಹೋದರೆ, ಮೊದಲು ಹಳೆಯದು ಅಳಿಯುತ್ತದೆ, ಆಮೇಲೆ ಹೊಸದು ತುಂಬುತ್ತದೆ. ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೆ ಹೊಸದನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, `fsync` ಮಾಡಿ, ಆಮೇಲೆ ಹಳೆಯ ಹೆಸರನ್ನು ಅದಕ್ಕೆ ಕೊಡುವುದು ರೂಢಿ. ಹೆಸರು ಬದಲಿಸುವ ಕ್ರಿಯೆ ಒಂದೇ ಏಟಿಗೆ ಆಗುತ್ತದೆ: ನೋಡಿದವರಿಗೆ ಹಳೆಯ ಫೈಲ್ ಪೂರ್ತಿ ಕಾಣುತ್ತದೆ ಅಥವಾ ಹೊಸದು ಪೂರ್ತಿ ಕಾಣುತ್ತದೆ. ಪೈಥಾನ್‌ನಲ್ಲಿ ಇಷ್ಟೇ:

```python
import json, os

def save(state, path):
    path = os.path.abspath(path)
    tmp = path + ".tmp"
    with open(tmp, "w") as f:
        json.dump(state, f)
        f.flush()
        os.fsync(f.fileno())
    os.replace(tmp, path)
    d = os.open(os.path.dirname(path), os.O_RDONLY)
    os.fsync(d)
    os.close(d)
```

`flush` ಮತ್ತು `fsync` ಎರಡೂ ಏಕೆ? ಪೈಥಾನ್ ತಾನೂ ಒಂದಿಷ್ಟು ಬರಹವನ್ನು ತನ್ನ ಬಳಿ ಕೂಡಿಹಾಕಿಕೊಂಡಿರುತ್ತದೆ. `flush` ಅದನ್ನು ಕಾರ್ಯಾಚರಣೆ ವ್ಯವಸ್ಥೆಗೆ ದಾಟಿಸುತ್ತದೆ, `fsync` ಅಲ್ಲಿಂದ ಡಿಸ್ಕ್‌ಗೆ. ಕೊನೆಯ ಮೂರು ಸಾಲು ಫೋಲ್ಡರ್‌ಗೆ ಸಂಬಂಧಿಸಿದ್ದು. ಫೈಲ್‌ನ ಹೆಸರು ಇರುವುದು ಫೈಲ್‌ನಲ್ಲಿ ಅಲ್ಲ, ಅದನ್ನು ಹಿಡಿದಿರುವ ಫೋಲ್ಡರ್‌ನಲ್ಲಿ. ಹೆಸರು ಬದಲಾದ ಸುದ್ದಿಯೂ ಡಿಸ್ಕ್ ಸೇರಬೇಕಲ್ಲ. (ಈ ಮೂರು ಸಾಲು ಲಿನಕ್ಸ್, ಮ್ಯಾಕ್‌ಗಳಿಗೆ, ವಿಂಡೋಸ್‌ನಲ್ಲಿ ಫೋಲ್ಡರನ್ನು ಹೀಗೆ ತೆರೆಯಲಾಗದು. ಮ್ಯಾಕ್‌ನಲ್ಲಿ ಡಿಸ್ಕ್‌ನ ಒಳಗಿನ ತಾತ್ಕಾಲಿಕ ನೆನಪನ್ನೂ ಖಾಲಿ ಮಾಡಿಸಬೇಕಾದರೆ `F_FULLFSYNC` ಎಂಬ ಬೇರೆ ಆಜ್ಞೆಯೇ ಬೇಕು.)

ಹೆಸರು ಬದಲಿಸುವ ಮುನ್ನ `fsync` ಬಿಟ್ಟರೆ ಏನಾಗುತ್ತದೆ ಎಂಬುದು 2009ರಲ್ಲಿ ಲಿನಕ್ಸ್ ಬಳಕೆದಾರರಿಗೆ ಚೆನ್ನಾಗಿ ಗೊತ್ತಾಯಿತು. ಆಗ ಹೊಸದಾಗಿ ಬಂದಿದ್ದ ಎಕ್ಸ್‌ಟಿ4 ಫೈಲ್ ವ್ಯವಸ್ಥೆ, ಫೈಲ್‌ನ ಒಳಗಿನ ಬರಹಕ್ಕೆ ಡಿಸ್ಕ್‌ನಲ್ಲಿ ಜಾಗ ಕೊಡುವುದನ್ನು ಮುಂದೂಡುತ್ತಿತ್ತು. ಕಂಪ್ಯೂಟರ್ ಕುಸಿದು ಎದ್ದಾಗ ಹೊಸ ಹೆಸರು ಇತ್ತು, ಒಳಗೆ ಸೊನ್ನೆ ಬೈಟ್. ದೂರುಗಳು ಬಂದ ಮೇಲೆ ಎಕ್ಸ್‌ಟಿ4ಗೆ ತಿದ್ದುಪಡಿ ಮಾಡಿದರು. ಆದರೂ ಅದನ್ನು ನೆಚ್ಚಿ ಕೂರುವುದಕ್ಕಿಂತ ಒಂದು ಸಾಲು ಬರೆಯುವುದು ಅಗ್ಗ.

`fsync` ಸ್ವತಃ ದೋಷ ತೋರಿಸಿದರೆ ಮತ್ತೆ ಕರೆದು ನೋಡೋಣ ಎನ್ನಿಸುತ್ತದೆ. ಅದು ತಪ್ಪು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರು ಕಂಡುಕೊಂಡದ್ದು ಇದು: ಲಿನಕ್ಸ್‌ನಲ್ಲಿ ಮೊದಲ ಸಲ ಸೋತ ಬರಹ ಕಳೆದೇ ಹೋಗಿದ್ದರೂ ಎರಡನೇ ಕರೆ ‘ಆಯಿತು’ ಎನ್ನಬಹುದು. ಅವರು ಅಲ್ಲಿಂದಾಚೆಗೆ ಇಂಥ ದೋಷ ಬಂದರೆ ಡೇಟಾಬೇಸನ್ನೇ ನಿಲ್ಲಿಸಿ, ದಾಖಲೆಯಿಂದ ಮರುಕಟ್ಟುವ ದಾರಿ ಹಿಡಿದರು. ನಮ್ಮ ಪ್ರೋಗ್ರಾಂಗೂ ಅದೇ ನ್ಯಾಯ: ಉದ್ದೇಶ ಬರೆಯಲು ಆಗಲಿಲ್ಲವೆಂದರೆ ಆರ್ಡರ್ ಹೋಗುವುದಿಲ್ಲ, ಪ್ರೋಗ್ರಾಂ ನಿಂತು ಮನುಷ್ಯನಿಗೆ ಸಂದೇಶ ಕಳಿಸುತ್ತದೆ.

ಈ ತಾಪತ್ರಯ ಬೇಡವೆನ್ನುವವರಿಗೆ ಎಸ್‌ಕ್ಯೂಲೈಟ್ ಇದೆ. ಒಂದೇ ಫೈಲ್‌ನ ಪುಟ್ಟ ಡೇಟಾಬೇಸ್ ಅದು. ಮೇಲಿನ ಸರ್ಕಸ್ಸನ್ನೆಲ್ಲ ಒಳಗೇ ಮಾಡುತ್ತದೆ. ಒಂದೇ ಎಚ್ಚರಿಕೆ: ವೇಗಕ್ಕಾಗಿ ಅಂತರ್ಜಾಲದ ಸಲಹೆ ನಂಬಿ `WAL` ವಿಧಾನದಲ್ಲಿ `synchronous=NORMAL` ಎಂದು ಇಟ್ಟರೆ, ಕರೆಂಟ್ ಹೋದಾಗ ಡೇಟಾಬೇಸ್ ಕೆಡುವುದಿಲ್ಲ ನಿಜ, ಆದರೆ ಕೊನೆಯ ಕೆಲವು ಬರಹಗಳು ಕಳೆಯಬಹುದು. ನಮಗೆ ಬೇಕಾದದ್ದು ಆ ಕೊನೆಯ ಬರಹವೇ. ಆದ್ದರಿಂದ `FULL`.

ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ

ಕ್ರ್ಯಾಶ್‌ಗಾಗಿ ಕಾಯುತ್ತ ಕೂರಬೇಕಿಲ್ಲ, ನಾವೇ ಮಾಡಿಸಬಹುದು. ನಿಜವಾದ ಬ್ರೋಕರ್ ಬದಲು ಒಂದು ನಕಲಿ ಬ್ರೋಕರ್ ಪ್ರೋಗ್ರಾಂ ಬರೆದು, ನಮ್ಮ ಪ್ರೋಗ್ರಾಂನ ಪ್ರತಿ ಹೆಜ್ಜೆಯ ನಂತರ `os._exit(1)` ಎಂದು ಒಂದೊಂದಾಗಿ ಇಟ್ಟು ಸಾಯಿಸಿ ನೋಡಬೇಕು. ಪ್ರತಿ ಸಲ ಮತ್ತೆ ಎಬ್ಬಿಸಿ, ಕೊನೆಗೆ ನಕಲಿ ಬ್ರೋಕರ್‌ನ ಬಳಿ ಸರಿಯಾಗಿ 500 ಯೂನಿಟ್ ಇವೆಯೇ ಎಂದು ಎಣಿಸಬೇಕು. ಆ ನಕಲಿ ಬ್ರೋಕರ್ ಆರ್ಡರನ್ನು ಸ್ವೀಕರಿಸಿ ಉತ್ತರ ಕೊಡದಿರುವುದು, ಪಟ್ಟಿಯಲ್ಲಿ ಅರ್ಧ ನಿಮಿಷ ತಡವಾಗಿ ತೋರಿಸುವುದು, ಅರವತ್ತು ಮಾತ್ರ ಕೊಡುವುದು ಇವೆಲ್ಲ ತಂಟೆಗಳನ್ನೂ ಕಲಿತಿರಬೇಕು.

ಆದರೆ ಈ ಪರೀಕ್ಷೆ `fsync` ಇದೆಯೋ ಇಲ್ಲವೋ ಹೇಳುವುದಿಲ್ಲ. `kill -9` ಎಂದು ಎಷ್ಟು ಸಲ ಕೊಂದರೂ ಹೇಳುವುದಿಲ್ಲ, ಏಕೆಂದರೆ ಪ್ರೋಗ್ರಾಂ ಸತ್ತರೂ ಕಾರ್ಯಾಚರಣೆ ವ್ಯವಸ್ಥೆ ಬರಹವನ್ನು ಡಿಸ್ಕ್‌ಗೆ ಮುಟ್ಟಿಸಿಬಿಡುತ್ತದೆ. ಸಾವಿರ ಸಲ ಪಾಸಾದ ಪ್ರೋಗ್ರಾಂ ಮೊದಲ ಸಲ ಕರೆಂಟ್ ಹೋದಾಗ ಫೇಲಾಗಬಹುದು. ಅದನ್ನು ನೋಡಬೇಕಾದರೆ ಕಳೆದುಕೊಂಡರೂ ಚಿಂತೆಯಿಲ್ಲದ ಒಂದು ವರ್ಚುವಲ್ ಲಿನಕ್ಸ್ ಯಂತ್ರದಲ್ಲಿ, ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರರಾಗಿ ಈ ಆಜ್ಞೆ ಕೊಡಬೇಕು:

```
echo b > /proc/sysrq-trigger
```

ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆಯದೆ ಯಂತ್ರ ಆ ಕ್ಷಣವೇ ಮರುಚಾಲೂ ಆಗುತ್ತದೆ. ಕೆಲಸದ ಕಂಪ್ಯೂಟರ್‌ನಲ್ಲಿ ಇದನ್ನು ಒತ್ತಬೇಡಿ.

ಮರುದಿನ ಎದ್ದರೆ, ಎರಡು ಪ್ರತಿ ಎದ್ದರೆ, ಫೈಲೇ ಇಲ್ಲದಿದ್ದರೆ

ಆರ್ಡರ್ ಪಟ್ಟಿ ಆ ದಿನದ್ದು ಮಾತ್ರ. ಮಧ್ಯಾಹ್ನ 3:30ಕ್ಕೆ ಪೇಟೆ ಮುಚ್ಚುತ್ತದೆ, ಬಾಕಿ ಉಳಿದ ದಿನದ ಆರ್ಡರ್‌ಗಳು ರದ್ದಾಗುತ್ತವೆ, ಮರುದಿನ ಪಟ್ಟಿ ಖಾಲಿಯಿಂದ ಶುರು. ನಿನ್ನೆಯ `INTENT` ಇವತ್ತಿನ ಪಟ್ಟಿಯಲ್ಲಿ ಕಾಣದಿರುವುದರಿಂದ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ಫೈಲ್‌ನಲ್ಲಿರುವ ದಿನಾಂಕ ಇವತ್ತಿನದಲ್ಲದಿದ್ದರೆ ಪ್ರೋಗ್ರಾಂ ತಾನಾಗಿ ಮುಂದುವರಿಯಬಾರದು. ಬ್ರೋಕರ್ ಕಳಿಸುವ ಹಿಂದಿನ ದಿನದ ವಹಿವಾಟಿನ ವಿವರವಾದ ಕಾಂಟ್ರ್ಯಾಕ್ಟ್ ನೋಟ್ ಮತ್ತು ಖಾತೆಯಲ್ಲಿರುವ ಯೂನಿಟ್‌ಗಳನ್ನು ಮನುಷ್ಯನೊಬ್ಬ ತಾಳೆ ನೋಡಿ ಸಾಲನ್ನು ಮುಚ್ಚಬೇಕು.

ಪ್ರೋಗ್ರಾಂ ಸತ್ತಿದೆ ಎಂದು ತಿಳಿದು ನಾವು ಕೈಯಾರೆ ಚಾಲೂ ಮಾಡುವಷ್ಟರಲ್ಲಿ, ಸಿಸ್ಟಮ್‌ಡಿಯಂಥ ಮೇಲ್ವಿಚಾರಕ ತಾನೂ ಅದನ್ನು ಎಬ್ಬಿಸಿದ್ದರೆ ಎರಡು ಪ್ರತಿಗಳು ಒಂದೇ ಫೈಲ್ ಓದಿ ಒಂದೇ ಕಂತು ಕಳಿಸಬಹುದು. ಆರಂಭದಲ್ಲೇ `flock` ಮೂಲಕ ಬೀಗ ಹಾಕಿ, ಬೀಗ ಸಿಗದವನು ಸುಮ್ಮನೆ ನಿರ್ಗಮಿಸುವಂತೆ ಮಾಡಿದರೆ ಸಾಕು. ಬೀಗ ಹಿಡಿದ ಪ್ರೋಗ್ರಾಂ ಸತ್ತ ಕೂಡಲೇ ಅದು ತಾನೇ ಬಿಟ್ಟುಹೋಗುತ್ತದೆ, ಹಳೆಯ ಬೀಗ ಉಳಿದು ಕಾಡುವುದಿಲ್ಲ. ಆದರೆ ಬೀಗ ನಮ್ಮ ಸ್ಥಿತಿಯನ್ನು ಬರೆದಿಡುವ `state.json` ಫೈಲ್ ಮೇಲೆ ಬೇಡ, ಬೇರೊಂದು ಫೈಲ್ ಮೇಲೆ ಇರಲಿ: ಪ್ರತಿ ಸಲ ಉಳಿಸಿದಾಗಲೂ ಆ ಹೆಸರಿಗೆ ಹೊಸ ಫೈಲ್ ಬಂದು ಕೂರುತ್ತದೆ, ಬೀಗ ಹಳೆಯದರ ಜೊತೆ ಹೋಗುತ್ತದೆ.

ಇನ್ನು ಫೈಲ್ ಇಲ್ಲವೇ ಇಲ್ಲ, ಅಥವಾ ಓದಲು ಬರುವುದಿಲ್ಲ ಎಂಬ ಸ್ಥಿತಿ. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಇದಕ್ಕೆ ಬರೆದಿರುವ ಉತ್ತರ, ‘ಹಾಗಾದರೆ ಹೊಸದಾಗಿ ಆರಂಭಿಸು’. 10:24ಕ್ಕೆ ಹೊಸದಾಗಿ ಆರಂಭಿಸುವುದೆಂದರೆ ಮೊದಲ ಕಂತಿನಿಂದ ಶುರು ಮಾಡುವುದು, ಆಗಲೇ ಕೊಂಡ 200 ಅಥವಾ 300 ಯೂನಿಟ್‌ಗಳ ಮೇಲೆ ಇನ್ನೂ 500. ಇದನ್ನು ತಪ್ಪಿಸಲು ದಿನದ ಫೈಲನ್ನು ಸೃಷ್ಟಿಸುವ ಕೆಲಸವನ್ನು ಬೇರೆಯಾಗಿಸಿ, 9:15ಕ್ಕೆ ಪೇಟೆ ತೆರೆಯುವ ಮೊದಲು ಒಂದೇ ಸಲ ಅದನ್ನು ಮಾಡಬೇಕು. ಆಮೇಲೆ ಆರ್ಡರ್ ಕಳಿಸುವ ಪ್ರೋಗ್ರಾಂ ಎದ್ದಾಗ ಫೈಲ್ ಕಾಣದಿದ್ದರೆ ಅದು ದೋಷವೆಂದೇ ಲೆಕ್ಕ: ದಿನದ ಪಟ್ಟಿಯಲ್ಲಿ `NB251112` ಎಂದು ಆರಂಭವಾಗುವ ಗುರುತುಗಳನ್ನೆಲ್ಲ ಹೆಕ್ಕಿ ತೋರಿಸಿ, ಆರ್ಡರ್ ಕಳಿಸದೆ, ಮನುಷ್ಯ ಬರುವವರೆಗೆ ನಿಂತಿರಬೇಕು.